ಮೊದಲ ಸಾಲಕ್ಕೆ ದಾರಿ ತೋರಿಸಿದ ಬ್ಯಾಂಕ್ ಆಫೀಸರಿಗೆ ಧನ್ಯವಾದ ಪತ್ರ ಬರೆಯುವುದು ಹೇಗೆ?

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಈಗ ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯವರು ಸಿಕ್ಕಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ. "ಸ್ವಂತ ಉದ್ಯಮಕ್ಕೆ ಸಾಲ ಸಿಕ್ಕಿತು. ಆ ಮೇಡಂ ಎಷ್ಟು ತಾಳ್ಮೆಯಿಂದ ಹೇಳಿಕೊಟ್ಟರು ಗೊತ್ತಾ? ಅವರಿಗೆ ಏನಾದರೂ ಕೊಡಬೇಕಲ್ಲ, ಏನು ಕೊಡುವುದು?" ನನ್ನ ಉತ್ತರವೂ ಒಂದೇ. ಏನೂ ಕೊಡಬೇಡಿ, ಒಂದು ಪತ್ರ ಬರೆಯಿರಿ. ಆಮೇಲೆ ಅವರು ಬರೆದು ತಂದ ಪತ್ರ ನೋಡಿದರೆ ಹತ್ತರಲ್ಲಿ ಎಂಟು ಆಫೀಸರಿಗೆ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ ಮಾಡುವಂತಿರುತ್ತವೆ. ಹಾಗಾಗಿ ಇದನ್ನು ಕ್ರಮವಾಗಿ ಬರೆದಿಡೋಣ ಅನ್ನಿಸಿತು.

ಒಂದು ಮಾತು ಮೊದಲೇ ಮನಸ್ಸಿನಲ್ಲಿರಲಿ. ನೀವು ಧನ್ಯವಾದ ಹೇಳಬೇಕಾದದ್ದು ಅವರು ತಿಳಿಸಿಕೊಟ್ಟದ್ದಕ್ಕೆ, ಹಣ ಸಿಕ್ಕಿದ್ದಕ್ಕೆ ಅಲ್ಲ. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಬಿಳಿ ಹಾಳೆ, ಪೆನ್ನು ಮತ್ತು ನಿಮ್ಮ ಮಂಜೂರಾತಿ ಪತ್ರ ಸಾಕು. ಮಂಜೂರಾತಿ ಪತ್ರ ಅಂದರೆ ಬ್ಯಾಂಕು ಸಾಲದ ಮೊತ್ತ, ಬಡ್ಡಿ, ಕಂತು, ಷರತ್ತು ಎಲ್ಲ ಬರೆದು ನಿಮ್ಮ ಸಹಿ ಹಾಕಿಸಿಕೊಂಡ ಕಾಗದ. ಬ್ಯಾಂಕಿನವರು ಅದನ್ನು ‘ಸ್ಯಾಂಕ್ಷನ್ ಲೆಟರ್’ ಅನ್ನುತ್ತಾರೆ. ಅದರ ಪ್ರತಿ ನಿಮ್ಮ ಹತ್ತಿರ ಇಲ್ಲದಿದ್ದರೆ ಶಾಖೆಯಲ್ಲಿ ಕೇಳಿ ಪಡೆಯಿರಿ. ಪತ್ರಕ್ಕೆ ಮಾತ್ರವಲ್ಲ, ಅದು ನಿಮ್ಮ ಹತ್ತಿರ ಇರಲೇಬೇಕಾದ ಕಾಗದ.

1. ಯಾವಾಗ ಬರೆಯಬೇಕು?

ಸಾಲ ಮಂಜೂರಾಗುವುದು ಬೇರೆ, ಹಣ ಬಿಡುಗಡೆಯಾಗುವುದು ಬೇರೆ. ಮಂಜೂರಾದ ದಿನವೇ ಪತ್ರ ಕೊಡಬೇಡಿ. ಆಗ ಇನ್ನೂ ಕಾಗದಪತ್ರಕ್ಕೆ ಸಹಿ ಆಗಬೇಕು, ನಿಮ್ಮ ಪಾಲಿನ ಹಣ ಕಟ್ಟಬೇಕು, ಯಂತ್ರ ಮಾರುವವನ ಖಾತೆಗೆ ಬ್ಯಾಂಕಿನಿಂದ ದುಡ್ಡು ಹೋಗಬೇಕು. ನಡುವೆ ಬಂದ ಹೊಗಳಿಕೆಯ ಪತ್ರ, ಒಳ್ಳೆಯ ಮನಸ್ಸಿನಿಂದ ಬರೆದದ್ದಾದರೂ, ‘ಬೇಗ ಮಾಡಿಕೊಡಿ’ ಎಂಬ ಒತ್ತಾಯದ ಹಾಗೆ ಕಾಣುತ್ತದೆ.

ಯಂತ್ರ ಬಂದು ಕೂತು, ಆಫೀಸರ್ ಬಂದು ನೋಡಿ ಹೋಗಿ, ಮೊದಲ ಕಂತು ಕಟ್ಟಿದ ಮೇಲೆ ಬರೆಯುವುದು ಒಳ್ಳೆಯದು. ಕೆಲವು ಸಾಲಗಳಿಗೆ ಮೊದಲ ಕೆಲವು ತಿಂಗಳು ಅಸಲಿನ ಕಂತು ಇರುವುದಿಲ್ಲ. ಇದಕ್ಕೆ ‘ಮೊರಟೋರಿಯಂ’ ಅನ್ನುತ್ತಾರೆ. ನಿಮ್ಮದು ಹಾಗಿದ್ದರೆ ಕಂತಿಗೆ ಕಾಯಬೇಡಿ, ಕೆಲಸ ಶುರುವಾದ ಕೂಡಲೇ ಬರೆಯಿರಿ. ಪಿಎಂಇಜಿಪಿ, ಅಂದರೆ ಸ್ವಂತ ಉದ್ಯೋಗಕ್ಕೆ ಸಬ್ಸಿಡಿ ಸಹಿತ ಸಾಲ ಕೊಡುವ ಕೇಂದ್ರ ಸರ್ಕಾರದ ಯೋಜನೆಯವರಿಗೂ ಇದೇ ಮಾತು. ಅದರ ಸಬ್ಸಿಡಿ ಹಣ ಬ್ಯಾಂಕಿನಲ್ಲೇ 3 ವರ್ಷ ಠೇವಣಿಯಾಗಿ ಇರುತ್ತದೆ, ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿಯವರೆಗೆ ಕಾದರೆ ಆಫೀಸರಿಗೆ ವರ್ಗಾವಣೆಯಾಗಿರುತ್ತದೆ.

ನಿಮ್ಮದೇ ಇನ್ನೊಂದು ಅರ್ಜಿ ಅದೇ ಆಫೀಸರ ಮೇಜಿನ ಮೇಲೆ ಇದ್ದರೆ ಅದು ಮುಗಿಯುವ ತನಕ ತಡೆಯಿರಿ.

2. ಯಾರಿಗೆ ಬರೆಯಬೇಕು?

ಇದು ಸುಲಭ ಅನ್ನಿಸುತ್ತದೆ, ಆದರೆ ತಪ್ಪುವುದು ಇಲ್ಲೇ. ನಿಮ್ಮ ಜೊತೆ ಕೂತು ಮಾತಾಡಿದವರೇ ಸಾಲ ಮಂಜೂರು ಮಾಡಿದವರು ಎಂದು ತಿಳಿಯಬೇಡಿ. ಎಷ್ಟೋ ಬ್ಯಾಂಕುಗಳಲ್ಲಿ ಶಾಖೆಯ ಆಫೀಸರ್ ಅರ್ಜಿ ತಯಾರು ಮಾಡಿ, ಸ್ಥಳ ನೋಡಿ, ಶಿಫಾರಸು ಮಾಡುತ್ತಾರೆ. ಮಂಜೂರು ಮಾಡುವುದು ಮ್ಯಾನೇಜರ್ ಆಗಿರಬಹುದು, ಅಥವಾ ಬೇರೆ ಊರಿನಲ್ಲಿರುವ ಸಾಲದ ಕೇಂದ್ರ ಆಗಿರಬಹುದು. ಹಾಗಿರುವಾಗ "ನೀವು ನನ್ನ ಸಾಲ ಪಾಸ್ ಮಾಡಿಕೊಟ್ಟಿರಿ" ಎಂದು ಬರೆದರೆ ಅದು ನಿಜವೂ ಅಲ್ಲ, ಅವರಿಗೆ ಇರುಸುಮುರುಸು ಬೇರೆ.

ಮೇಜಿನ ಮೇಲಿನ ಫಲಕ ನೋಡಿ ಅವರ ಹೆಸರು, ಹುದ್ದೆ ಸರಿಯಾಗಿ ಬರೆದುಕೊಳ್ಳಿ. ‘ಸಾಲ ವಿಭಾಗದ ಆಫೀಸರ್’ ಅನ್ನುವುದಕ್ಕೂ ‘ಅಸಿಸ್ಟೆಂಟ್ ಮ್ಯಾನೇಜರ್’ ಅನ್ನುವುದಕ್ಕೂ ವ್ಯತ್ಯಾಸ ಇದೆ. ಗೊತ್ತಾಗದಿದ್ದರೆ ಕೌಂಟರಿನಲ್ಲಿ ಕೇಳಿದರಾಯಿತು. ಪತ್ರವನ್ನು ಅವರ ಹೆಸರಿಗೇ ಬರೆದು, ‘ಶಾಖಾ ಮ್ಯಾನೇಜರ್ ಅವರ ಮೂಲಕ’ ಎಂದು ಮೇಲೆ ಸೇರಿಸಿ. ಈ ಒಂದು ಸಾಲಿನಿಂದ ಪತ್ರ ಅವರ ಡ್ರಾಯರಿನಲ್ಲಿ ಉಳಿಯದೆ ಮ್ಯಾನೇಜರ ಕಣ್ಣಿಗೂ ಬೀಳುತ್ತದೆ.

3. ಏನು ಬರೆಯಬೇಕು?

ಈ ಹಂತಕ್ಕೆ ಸ್ವಲ್ಪ ಸಮಯ ಕೊಡಿ. "ನಿಮ್ಮ ಅಮೂಲ್ಯ ಸಹಕಾರಕ್ಕೆ ಚಿರಋಣಿ" ಎಂಬ ಸಾಲನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಬರೆಯಬಹುದು. ಓದಿದವರಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಕೇಳಿಕೊಳ್ಳಿ: ಬ್ಯಾಂಕಿಗೆ ಹೋಗುವ ಮೊದಲು ನನಗೆ ಯಾವುದು ಗೊತ್ತಿರಲಿಲ್ಲ? ಈಗ ಯಾವುದು ಗೊತ್ತಾಯಿತು? ಅದನ್ನು ಹೇಳಿಕೊಟ್ಟವರು ಯಾರು? ಒಂದೋ ಎರಡೋ ಸಂಗತಿ ಸಿಕ್ಕಿದರೆ ಸಾಕು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಪೆರ್ಲದ ಹತ್ತಿರದ ಒಬ್ಬರು ಅಡಿಕೆ ಹಾಳೆಯ ತಟ್ಟೆ ಮಾಡುವ ಘಟಕ ಹಾಕಲು ಮುದ್ರಾ ಸಾಲ ಕೇಳಿದರು ಎನ್ನಿ. ಲೆಕ್ಕ ಸುಲಭವಾಗಲಿ ಎಂದು ದುಂಡು ಅಂಕಿ ಹಿಡಿದಿದ್ದೇನೆ. ಯಂತ್ರಕ್ಕೆ 2,40,000 ರೂಪಾಯಿ, ವಿದ್ಯುತ್ ಮತ್ತು ಶೆಡ್ಡಿನ ಕೆಲಸಕ್ಕೆ 30,000, ಹಾಳೆ ಕೊಂಡು ದಾಸ್ತಾನು ಮಾಡಲು 80,000. ಒಟ್ಟು 3,50,000. ಅವರ ಕೈಯಲ್ಲಿದ್ದದ್ದು 50,000. ಉಳಿದ 3 ಲಕ್ಷ ಸಾಲ ಬೇಕು. ಮುದ್ರಾದಲ್ಲಿ 50,000ಕ್ಕಿಂತ ಮೇಲೆ 5 ಲಕ್ಷದವರೆಗಿನ ಸಾಲಕ್ಕೆ ‘ಕಿಶೋರ್’ ಎಂದು ಹೆಸರು. ಇದು ಅದರೊಳಗೆ ಬರುತ್ತದೆ.

ಅವರು 3 ಲಕ್ಷವನ್ನೂ ಒಟ್ಟಿಗೆ ಕಂತಿನ ಸಾಲವಾಗಿ ಕೇಳಿದ್ದರು. ಆಫೀಸರ್ ಕೂರಿಸಿ ಕೇಳಿದ ಪ್ರಶ್ನೆ ಇದು: "ನಿಮಗೆ ಹಾಳೆ ವರ್ಷವಿಡೀ ಸಿಗುತ್ತದಾ?" ಸಿಗುವುದಿಲ್ಲ ಅಲ್ವಾ? ಒಣ ಹಾಳೆಯನ್ನು ಬೇಸಿಗೆಯಲ್ಲೇ ಕೂಡಿಡಬೇಕು. ಮಳೆ ಹಿಡಿದ ಮೇಲೆ ತೋಟದಲ್ಲಿ ಬಿದ್ದ ಹಾಳೆಗೆ ಬೂಷ್ಟು ಬರುತ್ತದೆ, ತಟ್ಟೆಗೆ ಆಗುವುದಿಲ್ಲ. ಅಂದರೆ ಹಾಳೆಗೆ ದುಡ್ಡು ಬೇಕಾಗುವುದು ಫೆಬ್ರವರಿಯಿಂದ ಮೇ ತನಕ. ಮಳೆಗಾಲದಲ್ಲಿ ದಾಸ್ತಾನು ಕರಗಿ, ತಟ್ಟೆ ಮಾರಾಟವಾಗಿ ದುಡ್ಡು ವಾಪಸ್ ಬರುತ್ತದೆ.

ಹಾಗಾಗಿ ಆಫೀಸರ್ ಸಾಲವನ್ನು ಎರಡು ಭಾಗ ಮಾಡಿಸಿದರು. ಯಂತ್ರ ಮತ್ತು ಶೆಡ್ಡಿಗೆ 2,20,000 ರೂಪಾಯಿಯ ಕಂತಿನ ಸಾಲ, ಅಂದರೆ ‘ಟರ್ಮ್ ಲೋನ್’. ಹಾಳೆಗೆ 80,000 ರೂಪಾಯಿಯ ‘ಕ್ಯಾಶ್ ಕ್ರೆಡಿಟ್’, ಬಾಯಿಮಾತಿನಲ್ಲಿ ಸಿಸಿ. ಸಿಸಿ ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು, ದುಡ್ಡು ಬಂದಾಗ ಕಟ್ಟುವ ಖಾತೆ. ತೆಗೆದಷ್ಟಕ್ಕೆ, ತೆಗೆದಷ್ಟು ದಿನಕ್ಕೆ ಮಾತ್ರ ಬಡ್ಡಿ. ಬಡ್ಡಿ ಶೇಕಡಾ 12 ಎಂದು ಇಟ್ಟುಕೊಂಡರೆ, ಬೇಸಿಗೆಯಲ್ಲಿ ಪೂರ್ತಿ 80,000 ತೆಗೆದ ತಿಂಗಳು ಬಡ್ಡಿ ಸುಮಾರು 800 ರೂಪಾಯಿ. ತಟ್ಟೆ ಮಾರಿ ಬಾಕಿ 20,000ಕ್ಕೆ ಇಳಿದ ತಿಂಗಳು 200 ರೂಪಾಯಿ. ಮುಂದಿನ ಬೇಸಿಗೆಗೆ ಹೊಸ ಸಾಲ ಕೇಳಬೇಕಾಗಿಲ್ಲ, ಅದೇ ಮಿತಿಯಿಂದ ಮತ್ತೆ ತೆಗೆಯಬಹುದು. ಇಡೀ ಹಣವನ್ನು ಕಂತಿನ ಸಾಲ ಮಾಡಿದ್ದರೆ ಹಾಳೆಯ ದುಡ್ಡಿಗೂ ಪ್ರತಿ ತಿಂಗಳು ಕಂತು ಕಟ್ಟಬೇಕಿತ್ತು, ಎರಡನೇ ವರ್ಷದ ಹಾಳೆಗೆ ಕೈ ಖಾಲಿ.

ಇದು ಪತ್ರದಲ್ಲಿ ಬರೆಯಬೇಕಾದ ಸಂಗತಿ. ನಿಯಮಪುಸ್ತಕದಲ್ಲಿ ಇದನ್ನು ಹೀಗೆ ಕೂತು ಹೇಳಿಕೊಡಿ ಎಂದು ಇರುವುದಿಲ್ಲ. ಆಫೀಸರ್ ನಿಮ್ಮ ಕಸುಬು ಅರ್ಥಮಾಡಿಕೊಂಡು ಯೋಚಿಸಿದ್ದಾರೆ. ಪತ್ರ ಓದಿದ ಮೇಲಧಿಕಾರಿಗೂ ಅದು ತಕ್ಷಣ ತಿಳಿಯುತ್ತದೆ.

ಚಿಕ್ಕ ಸಂಗತಿಯೂ ಆಗುತ್ತದೆ. ಮೊದಲ ಸಲ ಸಾಲ ಕೇಳುವವರ ಸಿಬಿಲ್ ವರದಿಯಲ್ಲಿ ಅಂಕದ ಜಾಗದಲ್ಲಿ ‘-1’ ಎಂದು ಬಂದು ಗಾಬರಿಯಾಗುವುದುಂಟು. ಸಿಬಿಲ್ ಅಂದರೆ ನಿಮ್ಮ ಹಳೆಯ ಸಾಲ, ಕಂತುಗಳ ಚರಿತ್ರೆ ಇಡುವ ಸಂಸ್ಥೆ. ‘-1’ ಅಂದರೆ ಚರಿತ್ರೆ ಇಲ್ಲ ಎಂದಷ್ಟೇ, ಕೆಟ್ಟದು ಎಂದಲ್ಲ. ಇಷ್ಟನ್ನು ಯಾರಾದರೂ ನಿಧಾನವಾಗಿ ಹೇಳಿ ನಿಮ್ಮ ಹೆದರಿಕೆ ಕಳೆದಿದ್ದರೆ ಅದನ್ನೂ ಬರೆಯಬಹುದು. ಸಣ್ಣ ಉದ್ಯಮಗಳು ಮಾಡಿಸುವ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ, ಏಜೆಂಟಿಗೆ ದುಡ್ಡು ಕೊಡಬೇಡಿ ಎಂದು ಎಚ್ಚರಿಸಿದ್ದರೆ ಅದನ್ನೂ.

4. ಏನು ಬರೆಯಬಾರದು?

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ.

"ನನ್ನ ದಾಖಲೆ ಸರಿ ಇಲ್ಲದಿದ್ದರೂ ನಿಯಮ ಸಡಿಲಿಸಿ ಸಾಲ ಕೊಟ್ಟಿರಿ." ಇಂಥ ಸಾಲು ನಾನು ಬೇಕಾದಷ್ಟು ಓದಿದ್ದೇನೆ. ಬರೆದವರ ಮನಸ್ಸಿನಲ್ಲಿರುವುದು ‘ನೀವು ಒಳ್ಳೆಯವರು’ ಎಂಬುದಷ್ಟೇ. ಆದರೆ ಕಾಗದ ಉಳಿಯುತ್ತದೆ. ನಾಳೆ ವ್ಯಾಪಾರ ಕೆಟ್ಟು ಕಂತು 90 ದಿನಕ್ಕಿಂತ ಜಾಸ್ತಿ ಬಾಕಿಯಾದರೆ ಸಾಲ ‘ಎನ್‌ಪಿಎ’ ಆಗುತ್ತದೆ, ಅಂದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತದೆ. ಆಗ ಸಾಲ ಕೊಡುವಾಗ ಯಾರು ತಪ್ಪಿದರು ಎಂದು ಬ್ಯಾಂಕು ಫೈಲು ತೆಗೆದು ನೋಡಬಹುದು. ಆ ಫೈಲಿನಲ್ಲಿ ನಿಮ್ಮ ಪತ್ರ ಇದ್ದರೆ? ನಿಜವಾಗಿ ಆಫೀಸರ್ ಏನೂ ಸಡಿಲಿಸಿರುವುದಿಲ್ಲ. ಬೇಕಾದ ದಾಖಲೆ ಯಾವುದು, ಎಲ್ಲಿ ಸಿಗುತ್ತದೆ ಎಂದು ಹೇಳಿ ನಿಮ್ಮಿಂದಲೇ ಸರಿ ಮಾಡಿಸಿರುತ್ತಾರೆ. ಹಾಗೆಯೇ ಬರೆಯಿರಿ.

"ಅಡಮಾನ ಇಲ್ಲದೆ ಕೊಟ್ಟ ಉಪಕಾರ" ಎಂದೂ ಬೇಡ. ಮುದ್ರಾ ಸಾಲಕ್ಕೆ ಜಾಗವನ್ನೋ ಚಿನ್ನವನ್ನೋ ಅಡವು ಇಡಬೇಕಾಗಿಲ್ಲ ಎಂಬುದೇ ನಿಯಮ. ಅದು ಉಪಕಾರವಲ್ಲ, ನಿಮಗೆ ಸಿಗಬೇಕಾದದ್ದೇ.

ಪಕ್ಕದ ಮೇಜಿನವರನ್ನು ಎಳೆದು ತರಬೇಡಿ. "ಉಳಿದವರು ಓಡಿಸಿದರು, ನೀವೊಬ್ಬರೇ ಕೇಳಿದಿರಿ" ಎಂದು ಬರೆದರೆ ಆ ಆಫೀಸರ್ ನಾಳೆಯೂ ಅದೇ ಜನರ ನಡುವೆ ಕೂತು ಕೆಲಸ ಮಾಡಬೇಕು, ಮಾರಾಯ್ರೆ. ದೂರು ಇದ್ದರೆ ಬೇರೆ ಕಾಗದದಲ್ಲಿ ಕೊಡಿ. ಅದೇ ರೀತಿ, ಕೊನೆಯಲ್ಲಿ "ಮುಂದಿನ ವರ್ಷ ಮಿತಿ ಹೆಚ್ಚಿಸಿ ಕೊಡಬೇಕಾಗಿ ವಿನಂತಿ" ಎಂದು ಸೇರಿಸಿದರೆ ಅದು ಧನ್ಯವಾದ ಪತ್ರವಾಗಿ ಉಳಿಯುವುದಿಲ್ಲ, ಅರ್ಜಿಯಾಗುತ್ತದೆ.

ಆಧಾರ್ ಸಂಖ್ಯೆ, ಪೂರ್ತಿ ಖಾತೆ ಸಂಖ್ಯೆ ಬೇಡ. ಸಾಲದ ಖಾತೆಯ ಕೊನೆಯ ನಾಲ್ಕು ಅಂಕಿ ಇದ್ದರೆ ಸಾಕು.

5. ಯಾವ ಭಾಷೆಯಲ್ಲಿ?

ನಮ್ಮ ಕಾಸರಗೋಡಿನ ಪ್ರಶ್ನೆ ಇದು. ಬ್ಯಾಂಕಿನ ಫಾರಂ ಇಂಗ್ಲಿಷ್, ಹಿಂದಿ, ಮಲಯಾಳದಲ್ಲಿ ಇರುತ್ತದೆ. ಆಫೀಸರ್ ತಿರುವನಂತಪುರದ ಕಡೆಯವರೋ ತಮಿಳುನಾಡಿನವರೋ ಆಗಿರಬಹುದು, ಕನ್ನಡ ಓದಲು ಬಾರದೆ ಇರಬಹುದು. ಹಾಗೆಂದು ಬಾರದ ಇಂಗ್ಲಿಷಿನಲ್ಲಿ ಎಲ್ಲಿಂದಲೋ ನಕಲು ಮಾಡಿದ ಪತ್ರ ಕೊಡುವುದಕ್ಕಿಂತ ನಿಮ್ಮ ಕನ್ನಡದಲ್ಲೇ ಬರೆಯುವುದು ಮೇಲು. ಕೆಳಗೆ ನಾಲ್ಕು ಸಾಲು ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಸಾರಾಂಶ ಬರೆಸಿ. ಶಾಲೆಗೆ ಹೋಗುವ ಮಕ್ಕಳು ಮನೆಯಲ್ಲಿದ್ದರೆ ಅವರಿಂದಲೇ ಆಗುತ್ತದೆ. ಆದರೆ ಬರೆದದ್ದನ್ನು ಓದಿಸಿ ಕೇಳಿ, ‘ನಿಯಮ ಸಡಿಲಿಸಿ’ ಅಂಥದ್ದೇನೂ ಅಲ್ಲಿ ನುಸುಳಿಲ್ಲ ಎಂದು ನೋಡಿಕೊಳ್ಳಿ.

ಆಫೀಸರ್ ಮಲಯಾಳದ ಫಾರಂ ಓದಿ ನಿಮಗೆ ಅರ್ಥವಾಗುವ ಹಾಗೆ ಹೇಳಿದ್ದರೆ, ಅಥವಾ ಬಾರದ ಕನ್ನಡದಲ್ಲೇ ಪ್ರಯತ್ನ ಮಾಡಿದ್ದರೆ, ಅದನ್ನು ತಪ್ಪದೆ ಬರೆಯಿರಿ. ಗಡಿ ಊರಿನ ಶಾಖೆಗೆ ಎಂಥವರು ಬೇಕು ಎಂಬುದು ಮೇಲಿನವರಿಗೂ ಗೊತ್ತಾಗಲಿ. ಸಹಿ ಮಾತ್ರ ಬ್ಯಾಂಕಿನಲ್ಲಿ ಹೇಗೆ ಹಾಕಿದ್ದೀರೋ ಹಾಗೆಯೇ ಇರಲಿ.

6. ಪತ್ರ ಹೀಗಿರಬಹುದು

ಮೇಲಿನ ತಟ್ಟೆ ಘಟಕದ ಉದಾಹರಣೆಗೇ ಬರೆದರೆ:

> ಇವರಿಗೆ,
> ಶ್ರೀಮತಿ ………, ಅಸಿಸ್ಟೆಂಟ್ ಮ್ಯಾನೇಜರ್,
> ……… ಬ್ಯಾಂಕ್, ……… ಶಾಖೆ
> (ಶಾಖಾ ಮ್ಯಾನೇಜರ್ ಅವರ ಮೂಲಕ)
>
> ಮಾನ್ಯ ಮೇಡಂ,
>
> ನನ್ನ ಹಾಳೆ ತಟ್ಟೆ ಘಟಕಕ್ಕೆ ನಿಮ್ಮ ಶಾಖೆಯಿಂದ ಸಿಕ್ಕಿದ ಮುದ್ರಾ ಸಾಲದಲ್ಲಿ (ಖಾತೆಯ ಕೊನೆಯ ಅಂಕಿ ………) ಯಂತ್ರ ಬಂದು ಕೆಲಸ ಶುರುವಾಗಿದೆ. ಮೊದಲ ಕಂತು ಕಟ್ಟಿದ್ದೇನೆ.
>
> ನಾನು ಇದಕ್ಕೆ ಮೊದಲು ಯಾವ ಬ್ಯಾಂಕಿನಲ್ಲೂ ಸಾಲ ಮಾಡಿದವಳಲ್ಲ. ಪೂರ್ತಿ ಹಣವನ್ನು ಕಂತಿನ ಸಾಲವಾಗಿ ಕೇಳಿದ್ದೆ. ಹಾಳೆ ಬೇಸಿಗೆಯಲ್ಲಿ ಮಾತ್ರ ಸಿಗುತ್ತದೆ ಎಂದು ನನ್ನಿಂದ ಕೇಳಿ ತಿಳಿದು, ದಾಸ್ತಾನಿಗೆ ಕ್ಯಾಶ್ ಕ್ರೆಡಿಟ್ ಯಾಕೆ ಒಳ್ಳೆಯದು ಎಂದು ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದಿರಿ. ಈಗ ಹಾಳೆಯ ದುಡ್ಡಿಗೆ ನಾನು ಬೇರೆ ಕಡೆ ಕೈ ಒಡ್ಡಬೇಕಾಗಿಲ್ಲ.
>
> ಯಂತ್ರದ ದರಪಟ್ಟಿ ಎಂದು ನಾನು ತಂದ ಚೀಟಿ ಆಗುವುದಿಲ್ಲ ಎಂದಾಗ ಸುಮ್ಮನೆ ವಾಪಸ್ ಕಳಿಸಲಿಲ್ಲ. ಮಾರುವವರ ಜಿಎಸ್‌ಟಿ ಸಂಖ್ಯೆ, ಬ್ಯಾಂಕ್ ಖಾತೆ, ಯಂತ್ರದ ವಿವರ, ದರದ ಅವಧಿ ಯಾಕೆ ಬೇಕು ಎಂದು ಒಂದೊಂದಾಗಿ ಹೇಳಿದಿರಿ. ಮಲಯಾಳದ ಫಾರಂ ನನಗೆ ಅರ್ಥವಾಗುವ ಹಾಗೆ ಓದಿ ಹೇಳಿದ್ದಕ್ಕೂ ತುಂಬಾ ಧನ್ಯವಾದ.
>
> ಇತಿ,
> (ಸಹಿ, ಹೆಸರು, ಊರು, ದಿನಾಂಕ)

ಇಷ್ಟೇ ಸಾಕು. ಒಂದು ಪುಟ ದಾಟಿದರೆ ಯಾರೂ ಪೂರ್ತಿ ಓದುವುದಿಲ್ಲ. ಇದರಲ್ಲಿ ‘ದೇವರ ಹಾಗೆ ಬಂದಿರಿ’ ಎಂಬಂಥ ಮಾತು ಇಲ್ಲ, ಆದರೂ ಓದಿದವರಿಗೆ ಆಫೀಸರ್ ಏನು ಮಾಡಿದರು ಎಂದು ಕಣ್ಣಿಗೆ ಕಟ್ಟುತ್ತದೆ. ಇದನ್ನೇ ನಕಲು ಮಾಡಬೇಡಿ. ನಿಮ್ಮದು ಹಿಟ್ಟಿನ ಗಿರಣಿಯೋ, ಹೊಲಿಗೆಯೋ, ಹಲಸಿನ ಹಪ್ಪಳವೋ ಆಗಿದ್ದರೆ ಅವರು ಕೇಳಿದ ಪ್ರಶ್ನೆಯೇ ಬೇರೆ ಇರುತ್ತದೆ. ಆ ಪ್ರಶ್ನೆ ನೆನಪಾದರೆ ಪತ್ರ ಅರ್ಧ ಮುಗಿದ ಹಾಗೆ.

7. ಹೇಗೆ ತಲುಪಿಸಬೇಕು?

ಎರಡು ಪ್ರತಿ ಮಾಡಿ. ಒಂದನ್ನು ಶಾಖೆಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳಿ. ತಿಂಗಳ ಮೊದಲ ವಾರ ಮತ್ತು ಮಾರ್ಚ್ ಕೊನೆ ಬಿಟ್ಟು, ಮಧ್ಯಾಹ್ನದ ಮೇಲೆ ಜನ ಕಡಿಮೆ ಇರುವಾಗ ಹೋಗಿ.

ಬರಿಗೈಯಲ್ಲಿ ಹೋಗಲು ನಮ್ಮವರಿಗೆ ಸಂಕೋಚ. ಆದರೆ ತೆಂಗಿನಕಾಯಿ ಚೀಲ, ಸೀರೆ, ಲಕೋಟೆ ಯಾವುದೂ ಬೇಡ. ಸರ್ಕಾರಿ ಬ್ಯಾಂಕಿನ ನೌಕರರು 1988ರ ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕಾರ ಸಾರ್ವಜನಿಕ ನೌಕರರು. ಸಾಲದ ಕೆಲಸಕ್ಕೆ ಸಂಬಂಧಿಸಿ ಉಡುಗೊರೆ ತೆಗೆದುಕೊಂಡರೆ ಅವರ ಕೆಲಸಕ್ಕೇ ಸಂಚಕಾರ. ಬೇಡ ಎಂದು ಹೇಳುವ ಮುಜುಗರವನ್ನೂ ಅವರಿಗೆ ಕೊಡಬೇಡಿ. ಘಟಕದ ಪೂಜೆಗೆ ಶಾಖೆಯವರನ್ನೆಲ್ಲ ಕರೆಯುವುದರಲ್ಲಿ ತಪ್ಪಿಲ್ಲ. ಬರುವುದು ಬಿಡುವುದು ಅವರಿಗೆ ಬಿಟ್ಟದ್ದು.

ಅವರ ಜೊತೆ ಫೋಟೋ ತೆಗೆದು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವ ಮೊದಲು ಅವರನ್ನು ಕೇಳಿ. ಅವರ ಮೊಬೈಲ್ ಸಂಖ್ಯೆಯನ್ನಂತೂ ‘ಸಾಲ ಬೇಕಾದವರು ಇವರಿಗೆ ಫೋನ್ ಮಾಡಿ’ ಎಂದು ಗುಂಪಿಗೆ ಹಾಕಲೇಬೇಡಿ. ಅವರು ಮಾಡಿದ ಉಪಕಾರಕ್ಕೆ ಪ್ರತಿಯಾಗಿ ರಾತ್ರಿ ಹತ್ತು ಗಂಟೆಗೂ ಫೋನ್ ಬರುವ ಹಾಗಾಗುತ್ತದೆ.

ಪತ್ರದಿಂದ ಅವರಿಗೆ ನಿಜವಾಗಿ ಪ್ರಯೋಜನ ಆಗಬೇಕಾದರೆ ಒಂದು ಪ್ರತಿಯನ್ನು ಆ ಬ್ಯಾಂಕಿನ ಪ್ರಾದೇಶಿಕ ಕಚೇರಿಗೂ ಕಳಿಸಿ. ಪ್ರಾದೇಶಿಕ ಕಚೇರಿ ಅಂದರೆ ಹಲವು ಶಾಖೆಗಳ ಮೇಲುಸ್ತುವಾರಿ ನೋಡುವ ಕಚೇರಿ. ಶಾಖೆಯಲ್ಲಿ ಕೇಳಿದರೆ ವಿಳಾಸ ಕೊಡುತ್ತಾರೆ. ಆಫೀಸರನ್ನು ಬಿಟ್ಟು ಮ್ಯಾನೇಜರನ್ನೇ ಕೇಳಿ, ಇಲ್ಲದಿದ್ದರೆ ಆಫೀಸರೇ ಬರೆಸಿದ ಹಾಗೆ ಕಾಣುತ್ತದೆ. ಅಲ್ಲಿಗೆ ಹೋಗುವ ಪ್ರತಿಯಲ್ಲಿ ಇಂಗ್ಲಿಷ್ ಅಥವಾ ಮಲಯಾಳದ ಸಾರಾಂಶ ಇರಲೇಬೇಕು.

ಕುಟುಂಬಶ್ರೀ ಗುಂಪಿನ ಹೆಸರಿನಲ್ಲಿ ಸಾಲ ಪಡೆದಿದ್ದರೆ ಪತ್ರವೂ ಗುಂಪಿನ ಹೆಸರಿನಲ್ಲೇ ಇರಲಿ, ಅಧ್ಯಕ್ಷೆ ಮತ್ತು ಕಾರ್ಯದರ್ಶಿ ಇಬ್ಬರೂ ಸಹಿ ಹಾಕಲಿ. ಒಬ್ಬರೇ ಬರೆದರೆ ಗುಂಪಿನೊಳಗೆ ಬೇರೆ ಮಾತು ಹುಟ್ಟುತ್ತದೆ.

ಆಫೀಸರ್ ಈಗಾಗಲೇ ವರ್ಗಾವಣೆಯಾಗಿ ಹೋಗಿದ್ದರೆ ಹಳೆಯ ಶಾಖೆಯ ವಿಳಾಸಕ್ಕೇ ಬರೆದು, ‘ಈಗ ಇರುವ ಶಾಖೆಗೆ ಕಳಿಸಿಕೊಡಬೇಕಾಗಿ ವಿನಂತಿ’ ಎಂದು ಲಕೋಟೆಯ ಮೇಲೆ ಹಾಕಿ. ಸೀಲು ಬಿದ್ದ ನಿಮ್ಮ ಪ್ರತಿಯನ್ನು ಮಂಜೂರಾತಿ ಪತ್ರದ ಜೊತೆಗೇ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಸಿಸಿ ಮಿತಿಯನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು. ಆಗ ಹೊಸಬರು ಕೂತಿದ್ದು, "ಇದನ್ನು ಯಾಕೆ ಎರಡು ಭಾಗ ಮಾಡಿದ್ದು?" ಎಂದು ಕೇಳಿದರೆ ಕಾರಣ ಅದರಲ್ಲೇ ಬರೆದಿರುತ್ತದೆ.